ಗಣಿತದಲ್ಲಿ ನಾಲ್ಕು ಅಂಕ ಬಾಕಿ

ನಾನು ಆರನೇ ಇಯತ್ತೆಯಲ್ಲಿದ್ದ ವರ್ಷ, ಜೂನ್ ತಿಂಗಳ ಮಳೆ ಹಿಡಿದ ಒಂದು ದಿನ, ನಮ್ಮ ಟೀಚರ್ ಒಬ್ಬೊಬ್ಬರ ಕೈಗೂ ಒಂದೊಂದು ಕಾಗದ ಕೊಟ್ಟರು. ಸೈಕ್ಲೊಸ್ಟೈಲ್ ಮಾಡಿದ್ದು. ಶಾಯಿಯ ವಾಸನೆ ಇನ್ನೂ ಹೋಗಿರಲಿಲ್ಲ. 'ಪಾಲಕರಿಗೆ ನಮಸ್ಕಾರ' ಎಂದು ಶುರುವಾಗುತ್ತಿತ್ತು. ಮನೆಗೆ ಹೋಗಿ ಅಪ್ಪ ಅಮ್ಮನಿಗೆ ಓದಿ ಹೇಳಿ, ಸಹಿ ಹಾಕಿಸಿಕೊಂಡು ಬನ್ನಿ ಎಂದರು. ಅದಕ್ಕಿಂತ ಮೊದಲು ನಮ್ಮ ಶಾಲೆಯಿಂದ ಮನೆಗೆ ಯಾವ ಪತ್ರವೂ ಬಂದದ್ದಿಲ್ಲ. ಏನೋ ತಪ್ಪು ಮಾಡಿದ್ದೇನೆ ಅಂದುಕೊಂಡು ನಾನು ದಾರಿಯುದ್ದಕ್ಕೂ ಅದನ್ನು ಕೊಡೆಯ ಕೆಳಗೆ ಎದೆಗೆ ಒತ್ತಿ ಹಿಡಿದುಕೊಂಡೇ ಬಂದೆ.

ಮುಲುಂಡ್‌ನಲ್ಲಿ ಆಗ ಕನ್ನಡ ಶಾಲೆ ಎಂದರೆ ಒಂದು ಹಳೇ ಬಿಲ್ಡಿಂಗಿನ ಎರಡು ಮಹಡಿ. ಮಕ್ಕಳಲ್ಲಿ ಅರ್ಧ ಜನ ನಮ್ಮಂಥ ಹೋಟೆಲಿನವರ ಮಕ್ಕಳು, ಉಡುಪಿ ಕಡೆಯವರು. ಉಳಿದರ್ಧ ಬಿಜಾಪುರ, ಗುಲ್ಬರ್ಗಾ ಕಡೆಯಿಂದ ಬಿಲ್ಡಿಂಗ್ ಕೆಲಸಕ್ಕೆ ಬಂದವರ ಮಕ್ಕಳು. ಎರಡೂ ಕಡೆಯವರಿಗೆ ಒಂದು ವಿಷಯದಲ್ಲಿ ಒಮ್ಮತ ಇತ್ತು: ಶಾಲೆಗೆ ವರ್ಷವಿಡೀ ಬರಬೇಕಾಗಿಲ್ಲ, ವಾರ್ಷಿಕ ಪರೀಕ್ಷೆಗೆ ಬಂದರೆ ಸಾಕು. ಊರಲ್ಲಿ ಮದುವೆ, ಕೊಯ್ಲು, ಯಾರದೋ ಕಾಯಿಲೆ, ಹೀಗೆ ತಿಂಗಳುಗಟ್ಟಲೆ ಮಕ್ಕಳು ಮಾಯವಾಗುತ್ತಿದ್ದರು. ಅಪ್ಪನದೊಂದು ಅರ್ಜಿ ತಂದರೆ ಹಾಜರಿ ಮಾಫಿ. ಏಪ್ರಿಲ್‌ನಲ್ಲಿ ಬಂದು, ಪಕ್ಕದವರ ಪುಸ್ತಕ ನಾಲ್ಕು ದಿನ ಓದಿ, ಪಾಸಾಗಿ ಹೋಗುವವರೂ ಇದ್ದರು.

ಆ ಪತ್ರ ಇದಕ್ಕೆ ಮದ್ದು ಎಂದು ಟೀಚರ್ ನಂಬಿದ್ದರು. ಅವರು ಧಾರವಾಡದ ಕಡೆಯವರು, ಮದುವೆಯಾಗಿ ಮುಂಬಯಿಗೆ ಬಂದವರು. ಇಂಗ್ಲಿಷಿನಲ್ಲಿದ್ದ ಹೊಸ ಯೋಜನೆಯನ್ನು ಹೆಡ್‌ಮಾಸ್ತರು ಅವರ ಕೈಗೆ ಕೊಟ್ಟು, ಪಾಲಕರಿಗೆ ತಿಳಿಯುವ ಹಾಗೆ ಕನ್ನಡದಲ್ಲಿ ಬರೆಯಿರಿ ಅಂದಿದ್ದರಂತೆ. ಅವರು ಬರೆದದ್ದು ನಿಜವಾಗಿಯೂ ತಿಳಿಯುವ ಹಾಗೆಯೇ ಇತ್ತು. ಇನ್ನು ಮುಂದೆ ಒಂದೇ ಪರೀಕ್ಷೆಯ ಮೇಲೆ ಮಗುವಿನ ವರ್ಷ ನಿಲ್ಲುವುದಿಲ್ಲ. ವರ್ಷಕ್ಕೆ ಎರಡು ಅವಧಿ: ದೀಪಾವಳಿಯ ಮೊದಲು ಒಂದು, ನಂತರ ಒಂದು. ಪ್ರತಿ ಅವಧಿಯಲ್ಲಿ ಪ್ರತಿ ವಿಷಯಕ್ಕೂ ನೂರು ಅಂಕ. ಅದರಲ್ಲಿ ಅವಧಿಯ ಕೊನೆಯ ಪರೀಕ್ಷೆಗೆ ಅರವತ್ತು, ಎರಡು ಕಿರುಪರೀಕ್ಷೆಗಳಿಗೆ ಕೂಡಿ ಇಪ್ಪತ್ತು, ಬಾಯಿಪರೀಕ್ಷೆಗೆ ಹತ್ತು, ಮನೆಪಾಠದ ವಹಿಗೆ ಹತ್ತು. ಕಿರುಪರೀಕ್ಷೆ ಒಂದೊಂದೂ ಇಪ್ಪತ್ತೈದರದ್ದು. ಎರಡೂ ಸೇರಿ ಐವತ್ತಕ್ಕೆ ಬಂದದ್ದನ್ನು ಇಪ್ಪತ್ತಕ್ಕೆ ಇಳಿಸಲಾಗುವುದು. ಬರದಿದ್ದವರಿಗೆ ಆ ಪರೀಕ್ಷೆಯಲ್ಲಿ ಸೊನ್ನೆ. ಎರಡು ಅವಧಿಯ ಅಂಕಗಳ ಸರಾಸರಿಯೇ ವರ್ಷದ ಅಂಕ. ಪ್ರತಿ ವಿಷಯದಲ್ಲೂ ಮೂವತ್ತೈದು ಬಂದರೆ ಪಾಸು. ಕಿರುಪರೀಕ್ಷೆಯ ಉತ್ತರಪತ್ರಿಕೆ ಮನೆಗೆ ಬರುತ್ತದೆ, ಪಾಲಕರು ನೋಡಿ ಸಹಿ ಹಾಕಬೇಕು.

ಅಪ್ಪ ಸ್ಟೇಷನ್ ಹತ್ತಿರದ ಹೋಟೆಲೊಂದರಲ್ಲಿ ಗಲ್ಲೆಯ ಮೇಲೆ ಕೂರುತ್ತಿದ್ದರು. ಹೋಟೆಲು ಅವರದಲ್ಲ, ಕುರ್ಚಿಯೂ ಅವರದಲ್ಲ, ಆದರೆ ಲೆಕ್ಕ ಮಾತ್ರ ಅವರದೇ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವರು. ಲೆಕ್ಕಕ್ಕೆ ಕಾಗದ ಪೆನ್ಸಿಲ್ ಮುಟ್ಟಿದವರಲ್ಲ. ಗಿರಾಕಿ ಕೈ ತೊಳೆದು ಬರುವಷ್ಟರಲ್ಲಿ ಆ ಮೇಜಿನ ಬಿಲ್ಲು ಅವರ ಬಾಯಲ್ಲಿ ಇರುತ್ತಿತ್ತು. ಅಂಥವರಿಗೆ ನಾನು ಆ ಪತ್ರ ಓದಿದೆ. ಅವರು ಎರಡು ಸಲ ಓದಿಸಿದರು. ಆಮೇಲೆ ಸಹಿ ಹಾಕಿ, "ಒಳ್ಳೆ ಹೆಂಗಸು. ಎಲ್ಲ ಬಿಡಿಸಿ ಹೇಳಿದ್ದಾರೆ" ಅಂದರು. ಅಷ್ಟೇ. ಅವರ ತಲೆಯಲ್ಲಿ ಆಗಲೇ ಯಂತ್ರ ತಿರುಗತೊಡಗಿತ್ತು ಎಂದು ನನಗೆ ತಿಳಿಯಲಿಲ್ಲ.

ದೀಪಾವಳಿ ರಜೆ ಮುಗಿದ ಮೇಲೆ ಮೊದಲ ಅವಧಿಯ ಕಾರ್ಡು ಬಂತು. ಅದೇ ಹೊತ್ತಿಗೆ ಊರಿನಿಂದ ಚಿಕ್ಕಮ್ಮನ ಕಾಗದವೂ ಬಂತು. ಅಮ್ಮನ ತಂಗಿ ಅವಳು. ಜನವರಿಯಲ್ಲಿ ಎರಡನೆಯ ಹೆರಿಗೆ. ಅಜ್ಜಿ ತೀರಿಕೊಂಡಿದ್ದರಿಂದ ಬಾಣಂತನ ಮಾಡುವುದಕ್ಕೆ ಅಮ್ಮನೇ ಹೋಗಬೇಕು. ಅಮ್ಮ ಹೋದರೆ ನಾನೂ ಹೋಗಬೇಕು: ಚಿಕ್ಕಮ್ಮನ ದೊಡ್ಡ ಮಗುವನ್ನು ಎತ್ತಿಕೊಳ್ಳಲು ಒಬ್ಬರು ಬೇಕಿತ್ತು, ಬೆಳಗಿನ ಜಾವಕ್ಕೇ ಹೋಟೆಲಿಗೆ ಹೋಗುವ ಅಪ್ಪನ ಜೊತೆ ಚಾಳಿನಲ್ಲಿ ಹುಡುಗಿಯೊಬ್ಬಳನ್ನೇ ಬಿಡುವಂತೆಯೂ ಇರಲಿಲ್ಲ. ಹೋದರೆ ಬರುವುದು ಜೂನ್‌ಗೆ. ಅಥವಾ ಬರುವುದೇ ಇಲ್ಲ. ನಮ್ಮಲ್ಲೇ ಇದ್ದು ಓದುತ್ತಿದ್ದ ದೊಡ್ಡಪ್ಪನ ಮಗಳು ಹೀಗೇ ಒಂದು ಬಾಣಂತನಕ್ಕೆಂದು ಹೋದವಳು ಊರಲ್ಲೇ ಉಳಿದುಬಿಟ್ಟಿದ್ದಳು. ಅವಳ ಪಾಟಿಚೀಲ ನಮ್ಮ ಮನೆಯ ಅಟ್ಟದ ಮೇಲೆ ಆಗಲೂ ಇತ್ತು, ಅಮ್ಮ ಅದರಲ್ಲಿ ಹುಣಸೆಹಣ್ಣು ತುಂಬಿಟ್ಟಿದ್ದಳು.

ಪರೀಕ್ಷೆ ತಪ್ಪುತ್ತದಲ್ಲ ಎಂದು ನಾನು ಅಂದೆ. ಅದೊಂದೇ ನನ್ನ ಬಳಿ ಇದ್ದ ಆಯುಧ. ಅಪ್ಪ ಕಾರ್ಡನ್ನು ಕೈಗೆ ತೆಗೆದುಕೊಂಡರು. ಕನ್ನಡ ಎಪ್ಪತ್ತೆಂಟು. ವಿಜ್ಞಾನ ಎಪ್ಪತ್ತೈದು. ಎಲ್ಲದಕ್ಕೂ ಹಾಗೇ ಕಣ್ಣಾಡಿಸಿ ನನ್ನನ್ನು ಹತ್ತಿರ ಕೂರಿಸಿಕೊಂಡರು.

"ಎರಡು ಸಲದ್ದು ಕೂಡಿಸಿ ಅರ್ಧ ಮಾಡ್ಲಿಕ್ಕೆ ಅಲ್ಲವಾ? ಪಾಸಿಗೆ ಮೂವತ್ತೈದು. ಅಂದರೆ ಎರಡೂ ಸೇರಿ ಎಪ್ಪತ್ತು ಬೇಕು. ಎಪ್ಪತ್ತು ನೀನು ಈಗಲೇ ತಂದಾಯ್ತು. ಇನ್ನು ಸೊನ್ನೆ ಬಂದರೂ ನೀನು ಪಾಸೇ. ಮತ್ತೆ ಎಂತಕ್ಕೆ ಶಾಲೆ?"

ಚೆನ್ನಾಗಿ ಓದಿದ್ದಕ್ಕೆ ಇಂಥ ಶಿಕ್ಷೆ ಯಾರಿಗಾದರೂ ಆಗಿದ್ದುಂಟೆ? ಅಳು ಬಂತು, ಸಿಟ್ಟೂ ಬಂತು. ಸಿಟ್ಟೆಲ್ಲ ಟೀಚರ ಮೇಲೆ.

ಅಪ್ಪ ಈ ಸುಖವನ್ನು ಒಬ್ಬರೇ ಅನುಭವಿಸಲಿಲ್ಲ. ನಮ್ಮ ಪಕ್ಕದ ಖೋಲಿಯಲ್ಲಿ ಬಿಜಾಪುರ ಕಡೆಯ ಒಬ್ಬಾಕೆ ಇದ್ದಳು, ಗಂಡ ಹೆಂಡತಿ ಇಬ್ಬರೂ ಬಿಲ್ಡಿಂಗ್ ಕೆಲಸದವರು. ನಾನು ಅಕ್ಕ ಅನ್ನುತ್ತಿದ್ದೆ. "ನಮ್ಮ ಹುಡುಗಂದೂ ಒಂದೀಟು ನೋಡ್ರಿ ಅಣ್ಣಾರ" ಎಂದು ಅವಳು ಮಗನ ಕಾರ್ಡು ತಂದಳು. ಅಪ್ಪ ನೋಡಿದರು. ಅವಳನ್ನು ನೋಡಿ ಆಚೆ ಮನೆಯವರು, ಅವರನ್ನು ನೋಡಿ ಕೆಳಗಿನ ಮಹಡಿಯವರು ಬಂದರು. ಯಾರ ಮಗು ಈಗಲೇ ಪಾಸು, ಯಾರದ್ದು ಇನ್ನೆಷ್ಟು ಬೇಕು ಎಂದು ಅಪ್ಪ ಹಲ್ಲುಜ್ಜುತ್ತಲೇ ಹೇಳಿದರು. ಪಾಸಾದವರ ಪೈಕಿ ಊರಿಗೆ ಹೋಗುವ ಮನಸ್ಸಿದ್ದವರಿಗೆಲ್ಲ ರಜೆಯ ಅರ್ಜಿಯನ್ನೂ ತಾವೇ ಬರೆದುಕೊಟ್ಟರು. ಹಾಗಾಗಿ ಒಂದು ಸೋಮವಾರ ಟೀಚರ ಮೇಜಿನ ಮೇಲೆ ಬೇರೆ ಬೇರೆ ಮಕ್ಕಳ ಅರ್ಜಿಗಳು ಒಂದೇ ಅಕ್ಷರದಲ್ಲಿ, ಒಂದೇ ಒಕ್ಕಣೆಯಲ್ಲಿ ಬಿದ್ದವು: 'ನಿಮ್ಮ ಪತ್ರದ ಪ್ರಕಾರ ನಮ್ಮ ಮಗು ಪಾಸಾಗಿರುವುದರಿಂದ ಊರಿಗೆ ಕರೆದುಕೊಂಡು ಹೋಗುತ್ತಿದ್ದೇವೆ.'

ಟೀಚರ್ ಅವುಗಳನ್ನು ಓದಿದರು, ಒಂದರ ಪಕ್ಕ ಒಂದು ಇಟ್ಟು ನೋಡಿದರು, ಕೊನೆಗೆ ನನ್ನ ಅರ್ಜಿಯ ಸಹಿಯೂ ಅದೇ ಅಕ್ಷರದಲ್ಲಿರುವುದು ಕಂಡು ನನ್ನನ್ನು ಕರೆದು ನಿಮ್ಮ ತಂದೆಯವರ ಹೋಟೆಲು ಎಲ್ಲಿ ಎಂದು ಕೇಳಿದರು.

ಅವತ್ತೇ ಶಾಲೆ ಬಿಟ್ಟ ಮೇಲೆ ನನ್ನ ಜೊತೆ ಬಂದರು. ಊಟದ ಗದ್ದಲ ಮುಗಿದು ಸಂಜೆಯ ತಿಂಡಿ ಇನ್ನೂ ಶುರುವಾಗದ ಹೊತ್ತು. ಅಪ್ಪ ಗಾಬರಿಯಿಂದ ಎದ್ದು, ಫ್ಯಾಮಿಲಿ ರೂಮಿನಲ್ಲಿ ಕೂರಿಸಿ, ಕಾಫಿ ತರಿಸಿದರು. ಟೀಚರ್ ಈಗ ಅಪ್ಪನನ್ನು ಚೆನ್ನಾಗಿ ದಬಾಯಿಸುತ್ತಾರೆ, ಎರಡನೇ ಪರೀಕ್ಷೆಗೆ ಕೂರದಿದ್ದರೆ ಪಾಸು ಮಾಡುವುದಿಲ್ಲ ಅನ್ನುತ್ತಾರೆ ಎಂದು ನಾನು ಬಾಗಿಲ ಬಳಿ ಕಾಯುತ್ತಾ ನಿಂತಿದ್ದೆ. ಅವರು ಮೊದಲು ಆಡಿದ ಮಾತು ಬೇರೆಯೇ ಆಗಿತ್ತು.

"ನಿಮ್ಮ ಲೆಕ್ಕ ಬರೋಬರಿ ಅದ ರೀ. ನಾ ಬರದ ಪತ್ರದ ಪ್ರಕಾರ ಹಂಗಽ ಆಗ್ತದ. ಬರಿಯೋವಾಗ ನನಗ ಹೊಳೀಲಿಲ್ಲ."

ಅಪ್ಪ ಗೆದ್ದವರ ಹಾಗೆ ನಗಲಿಲ್ಲ. ಎದುರಿನ ಕುರ್ಚಿಯ ತುದಿಗೆ ಕೂತರು. ಹಾಗಾದರೆ ನಿಯಮ ಬದಲಾಗುತ್ತದೋ ಎಂದು ಕೇಳಿದರು. ಮುಂದಿನ ವರ್ಷ ಖಂಡಿತ ಬದಲಾಗುತ್ತದೆ, ಈ ವರ್ಷ ಹೇಗೆ ಬದಲಿಸುವುದು, ಪತ್ರಕ್ಕೆ ನಾನು ಸಹಿ ಹಾಕಿದ್ದೇನೆ, ನೀವೂ ಹಾಕಿದ್ದೀರಿ ಎಂದರು ಟೀಚರ್. ಆದರೆ ಊರಿಗೆ ಹೋದರೆ ಪಾಠ ಹೋಗುತ್ತದೆ, ಅಂಕ ಇದ್ದರೂ ಏಳನೇ ಇಯತ್ತೆಯಲ್ಲಿ ಈ ಹುಡುಗಿಯನ್ನು ಕಣ್ಣು ಕಟ್ಟಿ ಬಿಟ್ಟಂತಾಗುತ್ತದೆ ಎಂದು ತುಂಬ ಹೊತ್ತು ಹೇಳಿದರು. ಅಪ್ಪ ತಲೆ ಆಡಿಸುತ್ತಲೇ ಇದ್ದರು. ಆ ತಲೆ ಆಡಿಸುವಿಕೆ ನನಗೆ ಗೊತ್ತು. ಸಾಂಬಾರ್ ತಣ್ಣಗಿದೆ ಅನ್ನುವ ಗಿರಾಕಿಗೂ ಅವರು ಹಾಗೆಯೇ ಆಡಿಸುತ್ತಿದ್ದರು.

ಆಮೇಲೆ ಟೀಚರ್ ಕಾರ್ಡು ಕೇಳಿದರು. ನೋಡಿ, "ಒಂದು ಮಾತು" ಎಂದರು. ಪಾಸು ಎನ್ನುವುದು ಒಟ್ಟು ಮೊತ್ತದ ಮೇಲಲ್ಲ, ವಿಷಯ ವಿಷಯಕ್ಕೂ ಬೇರೆ. ಎಲ್ಲದರಲ್ಲೂ ಎಪ್ಪತ್ತು ದಾಟಿದೆ, ಗಣಿತದಲ್ಲಿ ಮಾತ್ರ ಅರವತ್ತಾರು. ಇನ್ನೂ ನಾಲ್ಕು ಬೇಕು. ಅಪ್ಪ ಕಾರ್ಡನ್ನು ಕಿತ್ತುಕೊಂಡಂತೆ ತೆಗೆದುಕೊಂಡರು. ಊರವರ ಕಾರ್ಡುಗಳನ್ನೆಲ್ಲ ಸಾಲು ಸಾಲು ನೋಡಿದ್ದ ಅವರು ಮಗಳದ್ದನ್ನು ಮೇಲೆ ಮೇಲೆ ಒಂದು ಅಂದಾಜಿನಲ್ಲಿ ನೋಡಿ ಬಿಟ್ಟಿದ್ದರು. ಅದೂ ಗಣಿತದಲ್ಲಿ. ಅವರ ಮುಖ ನೋಡಬೇಕಿತ್ತು.

ನನಗೋ ಜೀವ ಬಂದಂತಾಯಿತು. ಗಣಿತದಲ್ಲಿ ಹಿಂದೆ ಬಿದ್ದದ್ದಕ್ಕೆ ಅಷ್ಟು ಸಂತೋಷಪಟ್ಟವಳು ಆ ಶಾಲೆಯಲ್ಲಿ ನಾನೊಬ್ಬಳೇ ಇರಬೇಕು. ಆದರೆ ಅಪ್ಪ ಬಿಡುವವರಲ್ಲ. ಆ ನಾಲ್ಕನ್ನು ಎಲ್ಲಿಂದ ತರುವುದು ಎಂದು ಶುರುಮಾಡಿದರು. ವಹಿಯ ಅಂಕವೋ? ಅದನ್ನು ಅವಧಿಯ ಕೊನೆಗೆ ಇಡೀ ವಹಿ ನೋಡಿ ಕೊಡುವುದು. ಊರಿಂದ ವಹಿ ಬರೆದು ಟಪಾಲಿನಲ್ಲಿ ಕಳಿಸಿದರೆ? ಟೀಚರ್ ನಕ್ಕುಬಿಟ್ಟರು. ಬಾಯಿಪರೀಕ್ಷೆ? ಅದು ಮಾರ್ಚಿಗೆ. ಕಿರುಪರೀಕ್ಷೆ? ಮೊದಲನೆಯದು ಡಿಸೆಂಬರ್ ಮಧ್ಯಕ್ಕೆ, ಎರಡನೆಯದು ಫೆಬ್ರವರಿಗೆ.

"ಡಿಸೆಂಬರದ್ದು ಒಂದೇ ಬರೆದರೆ ಎಷ್ಟು ಬೇಕು?" ಅಪ್ಪ ಕೇಳಿದರು.

ಅವರೇ ಹಾಕಿಕೊಳ್ಳಬಹುದಿತ್ತು. ಆದರೆ ಒಮ್ಮೆ ಎಡವಿದ್ದರಿಂದಲೋ ಏನೋ, ಟೀಚರ ಬಾಯಿಂದಲೇ ಕೇಳಬೇಕು ಅನಿಸಿರಬೇಕು. ಟೀಚರ್ ಬಾಗಿಲಲ್ಲಿ ನಿಂತಿದ್ದ ನನ್ನನ್ನು ಒಂದು ಸಲ ನೋಡಿದರು. ಆಗುವುದಿಲ್ಲ ಅನ್ನಿ, ಟೀಚರ್, ಎರಡೂ ಬರೆಯಲೇಬೇಕು ಅನ್ನಿ ಎಂದು ನಾನು ಕಣ್ಣಲ್ಲೇ ಬೇಡಿಕೊಂಡೆ.

"ಇಪ್ಪತ್ತೈದಕ್ಕ ಹತ್ತು" ಎಂದರು ಅವರು. "ಎರಡನೇದಕ್ಕ ಸೊನ್ನೆ ಹಿಡಿದ್ರ ಐವತ್ತಕ್ಕ ಹತ್ತು. ಇಪ್ಪತ್ತಕ್ಕ ಇಳಿಸಿದ್ರ ನಾಕು. ಸಾಕಾಗ್ತದ."

ಕಾಫಿ ಮುಗಿಸಿ ಹೊರಟರು. ನಾನು ಅವರನ್ನು ಕಳಿಸಲು ರಸ್ತೆಯವರೆಗೂ ಹೋಗಲಿಲ್ಲ. ಒಂದು ಸುಳ್ಳು ಹೇಳಲಾಗದವರು ಅದೆಂಥ ಟೀಚರು ಎಂದು ನನಗೆ ಹೊಟ್ಟೆ ಉರಿಯುತ್ತಿತ್ತು.

ಅಮ್ಮನ ಪ್ರಯಾಣ ಡಿಸೆಂಬರ್ ಕೊನೆಗೆ ಮುಂದೆ ಹೋಯಿತು, ನನ್ನದೂ ಅದರ ಜೊತೆಗೆ. ಅಪ್ಪನಿಗೆ ಈಗ ಒಂದೇ ಗುರಿ, ಹತ್ತು ಅಂಕ. ಶಾಲೆ ಬಿಟ್ಟ ಕೂಡಲೇ ಹೋಟೆಲಿಗೆ ಬಾ ಎಂದರು. ಆ ಬಿಡುವಿನ ಹೊತ್ತಿನಲ್ಲಿ ಗಲ್ಲೆಯ ಪಕ್ಕ ಒಂದು ಸ್ಟೂಲು ಹಾಕಿ ಕೂರಿಸಿಕೊಂಡು ನನಗೆ ಗಣಿತ ಕಲಿಸತೊಡಗಿದರು. ಪುಸ್ತಕದಲ್ಲಿದ್ದ ದಾರಿ ಅವರಿಗೆ ಗೊತ್ತಿರಲಿಲ್ಲ, ಹಾಗಾಗಿ ಅವರದೇ ದಾರಿ. ಶೇಕಡಾ ಅಂದರೆ ನಾನು ಬೆಚ್ಚುತ್ತಿದ್ದೆ. ಅವರು ಹೇಳಿದರು: ಐವತ್ತು ಅಂದರೆ ಅರ್ಧ, ಇಪ್ಪತ್ತೈದು ಅಂದರೆ ಅದರರ್ಧ, ಹನ್ನೆರಡೂವರೆ ಅಂದರೆ ಇನ್ನೊಂದರ್ಧ, ಹೆದರಲಿಕ್ಕೆ ಅಲ್ಲಿ ಎಂತ ಉಂಟು? ಇಡ್ಲಿ ತಟ್ಟೆ, ಹಾಲಿನ ಕ್ಯಾನು, ಅಕ್ಕಿಯ ಮೂಟೆ, ಕಣ್ಣಿಗೆ ಬಿದ್ದದ್ದನ್ನೆಲ್ಲ ಅರ್ಧ ಮಾಡಿಸಿದರು. ನನಗೆ ಅದು ತಲೆಗೆ ಹತ್ತಿತು. ಹತ್ತಬಾರದು ಎಂದು ಹಟ ಹಿಡಿದು ಕೂತರೂ ಹತ್ತಿತು. ಅಪ್ಪನ ಜೊತೆ ಅಷ್ಟು ಹೊತ್ತು ನಾನು ಅದಕ್ಕೆ ಮೊದಲು ಕೂತದ್ದೇ ಇರಲಿಲ್ಲ. ಊರಿಗೆ ಕಳಿಸಲಿಕ್ಕೆಂದೇ ಕಲಿಸುತ್ತಿದ್ದಾರೆ ಎಂದು ಗೊತ್ತಿದ್ದೂ ಮೂರು ಗಂಟೆ ಆಗುವುದನ್ನೇ ಕಾಯುತ್ತಿದ್ದೆ.

ಆದರೆ ಮನಸ್ಸಿನಲ್ಲಿ ಬೇರೆ ಲೆಕ್ಕವೂ ಇತ್ತು. ಕಿರುಪರೀಕ್ಷೆಗೆ ಐದು ಪ್ರಶ್ನೆ, ಒಂದೊಂದಕ್ಕೂ ಐದು ಅಂಕ. ಎರಡು ಸರಿಯಾದರೆ ಹತ್ತು, ಊರು. ಒಂದೇ ಬರೆದರೆ ಐದು, ಶಾಲೆ. ನೀರು ಕುಡಿದಷ್ಟು ಸುಲಭ.

ಪರೀಕ್ಷೆಯ ದಿನ ಮೊದಲನೆಯದನ್ನು ಬರೆದು ಪೆನ್ನು ಕೆಳಗಿಟ್ಟೆ. ಟೀಚರ್ ಬೆಂಚುಗಳ ಮಧ್ಯೆ ಓಡಾಡುತ್ತಿದ್ದರು. ನನ್ನ ಬಳಿ ಬಂದಾಗ ಅರೆಗಳಿಗೆ ನಿಂತು ಮುಂದೆ ಹೋದರು. ಎರಡನೆಯ ಪ್ರಶ್ನೆ ಹೀಗಿತ್ತು: ಉಗ್ರಾಣದಲ್ಲಿದ್ದ ಆರುನೂರ ನಲವತ್ತು ಮೂಟೆ ಅಕ್ಕಿಯಲ್ಲಿ ಶೇಕಡಾ ಹನ್ನೆರಡೂವರೆ ಮಳೆಗೆ ಹಾಳಾಯಿತು, ಉಳಿದದ್ದು ಎಷ್ಟು? ನಾನು ಓದಿ ಮುಗಿಸುವ ಮೊದಲೇ ತಲೆಯೊಳಗೆ ಅಪ್ಪನ ದನಿ: ಅರ್ಧ, ಅದರರ್ಧ, ಇನ್ನೊಂದರ್ಧ. ಎಂಬತ್ತು ಹೋಯಿತು, ಐನೂರ ಅರವತ್ತು ಉಳಿಯಿತು. ಉತ್ತರ ಎದುರಿಗೇ ನಿಂತಿತ್ತು. ಗೊತ್ತಿದ್ದೂ ಗೊತ್ತಿಲ್ಲ ಎಂದು ಆ ಹಾಳೆಯ ಮೇಲೆ ಬರೆಯುವುದು ನನ್ನಿಂದ ಆಗಲಿಲ್ಲ. ಅಪ್ಪನ ಎದುರು ಹತ್ತು ಎಂದು ಹೇಳಿದ ಟೀಚರ್ ನೆನಪಾದರು. ಅವರಿಗೆ ಖಾಲಿ ಕಾಗದ ಕೊಟ್ಟು ಅವರ ಮುಖ ಹೇಗೆ ನೋಡಲಿ? ಸಿಟ್ಟಿನಿಂದಲೇ ಪೆನ್ನು ಎತ್ತಿಕೊಂಡು ಎಲ್ಲವನ್ನೂ ಬರೆದೆ. ಕಣ್ಣೀರು ಬಿದ್ದು ಒಂದು ಕಡೆ ಶಾಯಿ ಹರಡಿತು.

ಇಪ್ಪತ್ತೊಂದು ಬಂತು.

ಉತ್ತರಪತ್ರಿಕೆಯನ್ನು ಸಹಿಗೆಂದು ಹೋಟೆಲಿಗೇ ತೆಗೆದುಕೊಂಡು ಹೋದೆ. ಅಪ್ಪ ಅಂಕ ನೋಡಿ ಪೆನ್ನು ತೆಗೆದರು, ಆಮೇಲೆ ಯಾಕೋ ಕೆಳಗಿಟ್ಟು ಹಾಳೆ ತಿರುಗಿಸಿದರು. ಮೊದಲ ಅವಧಿಯ ಪತ್ರಿಕೆಗಳಿಗೆ ಅಮ್ಮ ಸಹಿ ಹಾಕಿದ್ದಳು, ಗಲ್ಲೆಯ ಪಕ್ಕದ ಲೆಕ್ಕವೆಲ್ಲ ಬಾಯಲ್ಲೇ ಆಗಿತ್ತು. ಅದುವರೆಗೆ ಅವರು ನನ್ನ ಕೈಬರಹವನ್ನು ಕಂಡದ್ದೇ ಇಲ್ಲ ಎಂದು ನನಗೆ ಆಗ ಹೊಳೆಯಿತು. ವರ್ಷಕ್ಕೊಮ್ಮೆ ಕಾರ್ಡು, ಅದರಲ್ಲಿ ಪಾಸು ಅಥವಾ ನಪಾಸು, ಅಷ್ಟೇ ಅವರಿಗೆ ನನ್ನ ಶಾಲೆ. ಅಕ್ಕಿ ಮೂಟೆಯ ಲೆಕ್ಕದ ಹತ್ತಿರ ಅವರ ಬೆರಳು ನಿಂತಿತು. ಅವರ ಮೂರು ಅರ್ಧಗಳು ಅಲ್ಲಿ ಒಂದರ ಕೆಳಗೊಂದು ಇದ್ದವು. ಪಕ್ಕದಲ್ಲಿ ಟೀಚರ ಕೆಂಪು ಅಕ್ಷರ: 'ರೀತಿ ನಾನು ಕಲಿಸಿದ್ದಲ್ಲ. ಉತ್ತರ ಸರಿ. ಈ ರೀತಿ ಚೆನ್ನಾಗಿದೆ, ಯಾರು ಕಲಿಸಿದರು?' ಪೂರ್ತಿ ಅಂಕ ಕೊಟ್ಟಿದ್ದರು.

ಅಪ್ಪ ಅದನ್ನು ಎಷ್ಟು ಹೊತ್ತು ನೋಡಿದರೋ. ಒಬ್ಬ ಗಿರಾಕಿ ಬಿಲ್ಲು ಕೊಡಲು ನಿಂತು ಕೆಮ್ಮಿದ. ಅವನನ್ನು ಕಳಿಸಿ, ಗಲ್ಲೆ ಮುಚ್ಚಿ, ನನಗೆ ಹೇಳಿದರು:

"ಅವತ್ತು ಅವರು ಎರಡೂ ಪರೀಕ್ಷೆ ಬೇಕೇ ಬೇಕು ಅಂತ ಹೇಳಿದ್ರೆ ನನಗೆ ಎಂತ ಗೊತ್ತಾಗ್ತಿತ್ತು? ಒಂದು ಮಾತು ಸಾಕಿತ್ತು, ನಾನು ನಂಬ್ತಿದ್ದೆ. ಹೇಳಲಿಲ್ಲ. ಅಂಥವರ ಕೈಯಿಂದ ಮಗಳನ್ನು ಎಳೆದುಕೊಂಡು ಹೋಗುವುದು ನನ್ನಿಂದ ಆಗ್ಲಿಕ್ಕಿಲ್ಲ."

ಸಹಿ ಹಾಕಿದರು. ಹಾಳೆಯನ್ನು ಮಡಿಸದೆ ನನ್ನ ಕೈಗಿಟ್ಟು, "ಎರಡನೇದು ಯಾವಾಗ ಅಂದಿ, ಫೆಬ್ರವರಿಯಾ?" ಎಂದು ಕೇಳಿದರು.

ಅಮ್ಮ ಒಬ್ಬಳೇ ಬಸ್ಸು ಹತ್ತಿದಳು. ಮೊದಮೊದಲು ಮೂಗು ಮುರಿದವಳು ಹೊರಡುವ ದಿನ ನನ್ನ ಜಡೆ ತಾನೇ ಹೆಣೆದು, ಪಕ್ಕದ ಅಕ್ಕನ ಕೈಯಲ್ಲಿ ನನ್ನ ಕೈ ಇಟ್ಟು ಹೋದಳು. ಬೆಳಗಿನ ಜಾವ ಅಪ್ಪ ಹೊರಟ ಮೇಲೆ ನಾನು ಅಕ್ಕನ ಖೋಲಿಗೆ ಹೋಗಿ ಅವಳ ಮಗನ ಪಕ್ಕ ಮಲಗುತ್ತಿದ್ದೆ. ಕೆಲಸಕ್ಕೆ ಹೋಗುವ ಮುಂಚೆ ಅವಳು ಇಬ್ಬರಿಗೂ ರೊಟ್ಟಿ ಬಡಿದು ಕಟ್ಟಿಕೊಡುತ್ತಿದ್ದಳು. ಅವಳೂ ಆ ವರ್ಷ ಮಗನನ್ನು ಊರಿಗೆ ಕಳಿಸಲಿಲ್ಲ. ಅಣ್ಣಾರೇ ಕಳಿಸಿಲ್ಲ ಅಂದ ಮೇಲೆ ತಾನೇಕೆ ಕಳಿಸಲಿ ಅಂದಳಂತೆ. ಚಿಕ್ಕಮ್ಮನಿಗೆ ಹೆಣ್ಣು ಮಗು ಹುಟ್ಟಿತು, ಮಗುವೂ ಬಾಣಂತಿಯೂ ಸುಖವಾಗಿದ್ದರು. ಫೆಬ್ರವರಿಯ ಪತ್ರಿಕೆಗೂ ಅಪ್ಪ ಹೋಟೆಲಿನಲ್ಲೇ ಸಹಿ ಹಾಕಿದರು, ಪ್ರತಿ ಲೆಕ್ಕವನ್ನೂ ತಾವೊಮ್ಮೆ ಹಾಕಿ ನೋಡಿದ ಮೇಲೆ.

ಆಮೇಲೆ ನಾನು ಬಹಳ ಓದಿದೆ, ಬಹಳ ಜನ ಕಲಿಸಿದರು. ಯಾರ ಋಣ ದೊಡ್ಡದು ಎಂದು ಯಾರಾದರೂ ಕೇಳಿದರೆ ನನಗೆ ಆ ಫ್ಯಾಮಿಲಿ ರೂಮು, ಆರುತ್ತಿದ್ದ ಕಾಫಿ, ನನ್ನನ್ನು ಒಂದು ಸಲ ನೋಡಿ 'ಹತ್ತು' ಎಂದ ಆ ಹೆಂಗಸು ಕಣ್ಣ ಮುಂದೆ ಬರುತ್ತಾರೆ. ಆ ದಿನ ನಾನು ಅವರನ್ನು ರಸ್ತೆಯವರೆಗೆ ಕಳಿಸಲು ಹೋಗದಿದ್ದುದನ್ನು ಅವರು ಗಮನಿಸಿದರೋ ಇಲ್ಲವೋ. ಪಕ್ಕದಲ್ಲಿ ಸ್ಟೂಲು ಹಾಕಿದ ಅಪ್ಪನನ್ನೂ, ರೊಟ್ಟಿ ಬಡಿದ ಅಕ್ಕನನ್ನೂ ಅವರಿಂದ ಬೇರೆ ಮಾಡಿ ನೆನೆಯಲು ನನಗೆ ಬರುವುದಿಲ್ಲ.

ಮರುವರ್ಷ ಜೂನ್‌ನಲ್ಲಿ ಮತ್ತೆ ಪತ್ರ ಬಂತು. ಅದೇ ಶಾಯಿಯ ವಾಸನೆ, ಅದೇ ಅರವತ್ತು, ಇಪ್ಪತ್ತು, ಹತ್ತು, ಹತ್ತು. ಕೊನೆಯಲ್ಲಿ ಒಂದು ಸಾಲು ಮಾತ್ರ ಹೊಸದು: ಎರಡೂ ಅವಧಿಯ ಪರೀಕ್ಷೆಗಳಿಗೆ ಕೂತವರನ್ನಷ್ಟೇ ಪಾಸು ಮಾಡಲಾಗುವುದು. ಅಪ್ಪ ಅದನ್ನು ಎರಡು ಸಲ ಓದಿಸಿ, ಈ ಸಾಲು ನನ್ನಿಂದ ಬಂದದ್ದು ಎಂದು ಹೋಟೆಲಿನವರಿಗೆಲ್ಲ ತೋರಿಸಿದರು. ನಾನು ಆ ಸಾಲನ್ನು ಮೊದಲು ಓದಿದ್ದು ತರಗತಿಯಲ್ಲಿ, ಏಳನೇ ಇಯತ್ತೆಯ ಬೆಂಚಿನ ಮೇಲೆ ಕೂತು.